ಮೇಷ್ಟ್ರು ಎಲ್ಲಿ ನೋಡ್ತಾರೆ ಅಂತ ಮಾತ್ರ ಕೇಳಬೇಡಿ

ಗಮನ ಅಳೆಯುವ ಕ್ಯಾಮೆರಾದ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಾಲೇಜಿನ ಹುಡುಗಿಯೊಬ್ಬಳು ತನ್ನ ಲೆಕ್ಚರರ್ ಕೈಗೆ ಎರಡು ಪುಟದ ಪ್ರಸ್ತಾವ ಕೊಟ್ಟಳು. ಲೆಕ್ಚರರ್ ಅದನ್ನು ಎಚ್‌ಒಡಿಗೆ ಕೊಟ್ಟರು, ಎಚ್‌ಒಡಿ ಪ್ರಿನ್ಸಿಪಾಲರಿಗೆ ಕೊಟ್ಟರು, ಪ್ರಿನ್ಸಿಪಾಲರು ಸಮಿತಿ ಮಾಡಿದರು. ಸಮಿತಿ ಅಂದಮೇಲೆ ಅದು ಟೆಂಡರಿನಲ್ಲೇ ಮುಗಿಯಬೇಕಲ್ಲ, ಮುಗಿಯಿತು. ಇನ್ನು ಮುಂದೆ ಬೋರ್ಡಿನ ಮೇಲೊಂದು ಕ್ಯಾಮೆರಾ ಕೂತು ಪ್ರತಿ ವಿದ್ಯಾರ್ಥಿಯ ಮುಖ ನೋಡಿ ಶೇಕಡಾ ಇಷ್ಟು ಗಮನ ಅಂತ ಅಂಕ ಹಾಕುತ್ತದಂತೆ. ಅಟೆಂಡೆನ್ಸಿಗೆ ಇರುವ ಹಾಗೆ ಗಮನಕ್ಕೂ ಕನಿಷ್ಠ ಮಿತಿ ಬರುತ್ತದಂತೆ.

ಕ್ಯಾಮೆರಾ ಬೇಕೋ ಬೇಡವೋ ಅಂತ ಊರೆಲ್ಲ ಜಗಳವಾಡಿ ಆಯಿತು. ಆ ಎರಡು ಪುಟದಲ್ಲಿ ಏನಿತ್ತು ಅಂತ ಕೇಳಿದವರು ಕಡಿಮೆ. ನಾನು ತರಿಸಿಕೊಂಡು ಓದಿದೆ. ಅದರಲ್ಲಿ ವಿದ್ಯಾರ್ಥಿಗಳ ಮುಖ ಅಳೆಯುವ ಮಾತೇ ಇಲ್ಲ ಸ್ವಾಮಿ! ಅವಳು ಕೇಳಿದ್ದು ಬೇರೆ.

ಕಾಲೇಜು ಪಾಠಗಳನ್ನು ಮೊದಲಿನಿಂದಲೂ ರೆಕಾರ್ಡ್ ಮಾಡುತ್ತಿತ್ತು, ಬರದವರು ಆಮೇಲೆ ನೋಡಿಕೊಳ್ಳಲಿ ಅಂತ. ಹೀಗೆ ರೆಕಾರ್ಡ್ ಮಾಡುವ ಕ್ಯಾಮೆರಾ ಇರುವುದು ಕ್ಲಾಸಿನ ಹಿಂದುಗಡೆ. ಅದರಲ್ಲಿ ವಿದ್ಯಾರ್ಥಿಗಳ ಬೆನ್ನು, ಜಡೆ, ಬೋಳಿಸಿದ ಕತ್ತು ಕಾಣುತ್ತವೆ. ಮುಖ ಅಂತ ಕಾಣುವುದು ಒಬ್ಬರದ್ದೇ, ಪಾಠ ಮಾಡುವವರದ್ದು. ಹುಡುಗಿ ಇದ್ದುದನ್ನು ಇದ್ದಂತೆ ನೋಡಿದಳು. 'ಸರ್, ಈ ವಿಡಿಯೋಗಳಿಂದ ನಮ್ಮ ಗಮನ ಎಲ್ಲಿತ್ತು ಅಂತ ಹೇಳೋಕಾಗಲ್ಲ. ನಿಮ್ಮ ಗಮನ ಎಲ್ಲಿ ಬೀಳುತ್ತೆ ಅಂತ ಹೇಳಬಹುದು. ಅದನ್ನ ಎಣಿಸಲಾ?' ಅಂತ ಎರಡು ಪುಟದಲ್ಲಿ ವಿನಯದಿಂದ ಬರೆದಳು.

ಅಲ್ಲಿಗೆ ಅವಳ ಗ್ರಹಚಾರ ಕೆಟ್ಟಿತು.

ಅವಳ ವಿಧಾನ ಎಷ್ಟು ಸರಳ ಅಂದರೆ, ಅದಕ್ಕೆ ಟೆಂಡರ್ ಕರೆಯುವುದು ಸಾಧ್ಯವೇ ಇಲ್ಲ. ಬಹುಶಃ ಅದೇ ಅದರ ದೊಡ್ಡ ದೋಷ. ಐವತ್ತು ನಿಮಿಷದ ಪಾಠವನ್ನು ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸುವುದು. ಮುನ್ನೂರು ಸಲ ನಿಲ್ಲಿಸಿದ ಹಾಗಾಯಿತು. ನಿಲ್ಲಿಸಿದಾಗಲೆಲ್ಲ ಮೇಷ್ಟ್ರ ಮುಖ ಬೋರ್ಡಿನ ಕಡೆಗೋ, ಲ್ಯಾಪ್‌ಟಾಪಿನ ಪರದೆಯ ಕಡೆಗೋ, ಎಡಗಡೆ ಬೆಂಚುಗಳಿಗೋ, ನಡುವಿನವಕ್ಕೋ, ಬಲಗಡೆಯವಕ್ಕೋ ಅಂತ ಒಂದು ಗೀಟು ಹಾಕುವುದು. ಪ್ರಶ್ನೆ ಕೇಳಿದರೆ ಯಾವ ಭಾಗದವರನ್ನು ಕೇಳಿದರು ಅಂತ ಇನ್ನೊಂದು ಗೀಟು. ಸಾಫ್ಟ್‌ವೇರ್ ಬೇಡ. ಪೆನ್ನು, ಹಾಳೆ, ತಾಳ್ಮೆ ಸಾಕು.

ಒಬ್ಬರೇ ಎಣಿಸಿದರೆ ಯಾರು ನಂಬುತ್ತಾರೆ? ಅದಕ್ಕೆ ಇಬ್ಬರು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಎಣಿಸಬೇಕು ಅಂದಳು. ಇಲ್ಲಿ ಅವಳು ಬರೆದ ಒಂದು ಪ್ಯಾರಾ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಇಬ್ಬರ ಉತ್ತರ ಶೇಕಡಾ 86 ಹೊಂದಿಕೆಯಾಯಿತು ಅಂದುಕೊಳ್ಳಿ. ಸಮಿತಿಯ ಕಿವಿಗೆ ಅದು ಫಸ್ಟ್ ಕ್ಲಾಸು. ಆದರೆ ಮೇಷ್ಟ್ರು ನೂರರಲ್ಲಿ ತೊಂಬತ್ತು ಸಲ ಪರದೆಯನ್ನೇ ನೋಡುವವರಾದರೆ? ಇಬ್ಬರೂ ವಿಡಿಯೋ ನೋಡದೆ, ಕಣ್ಣು ಮುಚ್ಚಿಕೊಂಡು ತೊಂಬತ್ತು ಕಡೆ 'ಪರದೆ', ಹತ್ತು ಕಡೆ 'ವಿದ್ಯಾರ್ಥಿಗಳು' ಅಂತ ಗೀಚಿದರೂ ಶೇಕಡಾ 82 ಹೊಂದಿಕೆ ತಾನಾಗಿ ಬರುತ್ತದೆ: 0.9 ಇಂಟು 0.9, ಅದಕ್ಕೆ 0.1 ಇಂಟು 0.1 ಕೂಡಿಸಿ ನೋಡಿ. ಅಂದರೆ ಕಷ್ಟಪಟ್ಟು ಗಳಿಸಿದ್ದು ಆ 82ರ ಮೇಲಿನ ನಾಲ್ಕೇ ನಾಲ್ಕು, ಗಳಿಸಬಹುದಾಗಿದ್ದು ಹದಿನೆಂಟು. ನಾಲ್ಕನ್ನು ಹದಿನೆಂಟರಿಂದ ಭಾಗಿಸಿದರೆ 0.22. ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಇದೇ. 0.22 ಬಂದರೆ ಎಣಿಸಿದವರಿಬ್ಬರೂ ಮತ್ತೆ ಕೂತು, 'ಬೋರ್ಡಿಗೆ ಮುಖ, ಮಾತು ಮಾತ್ರ ನಮ್ಮ ಕಡೆಗೆ' ಅನ್ನುವ ಭಂಗಿಯನ್ನು ಯಾವ ಖಾನೆಗೆ ಹಾಕುವುದು ಅಂತ ತೀರ್ಮಾನಿಸಿಕೊಂಡು, ಮೊದಲಿನಿಂದ ಎಣಿಸಬೇಕು.

ಈ ಉದಾಹರಣೆ ಬರೆಯುವಾಗ ಅವಳಿಗೆ ಬೇರೆ ಸಂಖ್ಯೆ ಸಿಗಲಿಲ್ಲವೇ? ನೂರಕ್ಕೆ ತೊಂಬತ್ತು ಸಲ ಪರದೆ ನೋಡುವ ಮೇಷ್ಟ್ರು! ಕಾಲ್ಪನಿಕ ಅಂತ ಆವರಣದಲ್ಲಿ ಹಾಕಿದ್ದಾಳೆ. ಸ್ಟಾಫ್ ರೂಮಿನಲ್ಲಿ ಹಲವರು ಅದು ತಮ್ಮ ಬಗ್ಗೆಯೇ ಬರೆದದ್ದು ಅಂತ ಗುರುತಿಸಿಕೊಂಡರಂತೆ.

ಹಾಗಂತ ಇದು ತಲೆಹರಟೆಯ ಪ್ರಶ್ನೆಯಲ್ಲ. 1970ರಲ್ಲೇ ಆಡಮ್ಸ್ ಮತ್ತು ಬಿಡಲ್ ಎಂಬಿಬ್ಬರು ತರಗತಿಗಳ ವಿಡಿಯೋ ಟೇಪು ಮುಂದಿಟ್ಟುಕೊಂಡು ಎಣಿಸಿದ್ದರು. ಪಾಠದ ಮಾತುಕತೆಯ ದೊಡ್ಡ ಪಾಲು ಮುಂದಿನ ಸಾಲಿಗೂ ನಡುವಿನ ಪಟ್ಟಿಗೂ ಸೇರಿಹೋಗುತ್ತಿತ್ತು. ಮೂಲೆಗಳಿಗೆ ಸಿಗುತ್ತಿದ್ದುದು ಅಷ್ಟಕ್ಕಷ್ಟೆ. ಇದರಲ್ಲೊಂದು ಗಂಟೂ ಇದೆ: ಉತ್ತರ ಕೊಡುವ ಉಮೇದಿರುವವರೇ ಹೋಗಿ ಮುಂದೆ ಕೂತಿರಬಹುದು. ಹಾಗಿದ್ದರೆ ಮೇಷ್ಟ್ರು ನೋಡುತ್ತಿರುವುದು ಜಾಗವನ್ನೋ ಜನರನ್ನೋ? ಅದನ್ನು ಬಿಡಿಸಲು ಎರಡು ವಾರ ಚೀಟಿ ಎತ್ತಿ ಜಾಗ ಕೊಡಿ, ಕಣ್ಣು ಆಗಲೂ ನಡುವಿನ ಬೆಂಚುಗಳಿಗೇ ಹೋದರೆ ಅದು ಜಾಗದ ಮಹಿಮೆ ಅಂತ ಬರೆದಿದ್ದಾಳೆ. ಲಾಸ್ಟ್ ಬೆಂಚಿನವರನ್ನು ಚೀಟಿ ಎತ್ತಿ ಮುಂದೆ ಕೂರಿಸುವ ಈ ಸಲಹೆಗೆ ಸಮಿತಿ 'ಶಿಸ್ತಿಗೆ ಧಕ್ಕೆ' ಅಂತ ಷರಾ ಬರೆಯಿತು. ಶಿಸ್ತು ಅಷ್ಟು ನಾಜೂಕಿನ ವಸ್ತು ಅಂತ ನನಗೆ ಗೊತ್ತಿರಲಿಲ್ಲ.

ಈಗ ಸಮಿತಿಯ ಮಹಾಬುದ್ಧಿಗೆ ಬರೋಣ. ಅವರು ಮಾಡಿದ್ದು ಇಷ್ಟೇ: ಕ್ಯಾಮೆರಾವನ್ನು ತಿರುಗಿಸಿದರು. ಹಿಂದಿದ್ದದ್ದನ್ನು ಮುಂದಕ್ಕೆ ತಂದರು. ನೋಡಿಸಿಕೊಳ್ಳಬೇಕಾದವರು ನೋಡುವವರಾದರು. ಭಲೇ ಅನ್ನಲೇಬೇಕು.

ತಿರುಗಿಸಿದ ಕ್ಯಾಮೆರಾಕ್ಕೆ ಏನು ಕಾಣುತ್ತದೆ ಅಂತ ಲೆಕ್ಕ ಹಾಕುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ, ಹಾಗಾಗಿ ನಾನೇ ಕೂತೆ. ಸಾಮಾನ್ಯ ಎಚ್‌ಡಿ ಚಿತ್ರದ ಅಗಲ 1920 ಪಿಕ್ಸೆಲ್. ಇಡೀ ಕ್ಲಾಸು ಹಿಡಿಸಬೇಕು ಅಂತ 90 ಡಿಗ್ರಿ ಲೆನ್ಸ್ ಹಾಕಿದರೆ, ಹತ್ತು ಮೀಟರ್ ದೂರದ ಸಾಲಿನಲ್ಲಿ ಇಪ್ಪತ್ತು ಮೀಟರ್ ಅಗಲ ಆ 1920ರೊಳಗೆ ಹಿಡಿಯಬೇಕು. ಮೀಟರಿಗೆ 96 ಪಿಕ್ಸೆಲ್. ಹದಿನೈದು ಸೆಂಟಿಮೀಟರ್ ಅಗಲದ ಮುಖಕ್ಕೆ ದಕ್ಕುವುದು ಸುಮಾರು ಹದಿನಾಲ್ಕು. ಕಣ್ಣಿನ ಬಣ್ಣದ ವೃತ್ತ ಹನ್ನೆರಡು ಮಿಲಿಮೀಟರ್ ಆಸುಪಾಸು. ಅದಕ್ಕೆ ಒಂದು ಚಿಲ್ಲರೆ ಪಿಕ್ಸೆಲ್. ಆ ಒಂದು ಚುಕ್ಕೆ ಬೋರ್ಡಿನ ಕಡೆ ನೋಡುತ್ತಿದೆಯೋ ಕಿಟಕಿಯ ಕಡೆಯೋ ಅಂತ ಹೇಳುವವನು ಜ್ಯೋತಿಷಿಯೇ ಇರಬೇಕು.

ಆದ್ದರಿಂದ ಇಂಥ ಯಂತ್ರಗಳು ಕಣ್ಣಿನ ಗೊಡವೆ ಬಿಟ್ಟು ತಲೆ ಎತ್ತ ತಿರುಗಿದೆ ಅಂತ ಊಹಿಸುತ್ತವೆ. ಅಂದರೆ ಮೂಗಿನ ದಿಕ್ಕು. ಬರೀ ಐದು ಡಿಗ್ರಿ ತಪ್ಪಿದರೂ ಎಂಟು ಮೀಟರ್ ದೂರಕ್ಕೆ ಅದು ಎಪ್ಪತ್ತು ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಹದಿನಾಲ್ಕು ಪಿಕ್ಸೆಲ್ಲಿನ ಮುಖದಲ್ಲಿ ತಪ್ಪು ಐದೇ ಡಿಗ್ರಿಗೆ ನಿಂತರೆ ಅದು ಆ ದಿನದ ಪುಣ್ಯ.

ಹೋಗಲಿ, ಮೂಗಿನ ದಿಕ್ಕು ಕರಾರುವಾಕ್ಕಾಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನೋಟ್ಸ್ ಬರೆಯುವ ಹುಡುಗಿಯ ತಲೆ ಕೆಳಗಿರುತ್ತದೆ: ಸೊನ್ನೆ. ಲೆಕ್ಕ ಬಿಡಿಸುತ್ತ ಸೂರು ನೋಡುವ ಹುಡುಗ: ಸೊನ್ನೆ. ಕಷ್ಟದ ಪ್ರಶ್ನೆಗೆ ಯೋಚಿಸುವಾಗ ಮನುಷ್ಯ ಎದುರಿನವರ ಮುಖದಿಂದ ಕಣ್ಣು ತೆಗೆಯುತ್ತಾನೆ ಅಂತ ಮನಶ್ಶಾಸ್ತ್ರದವರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಆ ಕ್ಷಣಕ್ಕೂ ಸೊನ್ನೆ. ಇನ್ನು ಗಲ್ಲಕ್ಕೆ ಕೈ ಕೊಟ್ಟು, ಬೋರ್ಡಿಗೆ ಮುಖ ನೆಟ್ಟು, ಕಣ್ಣು ಅರೆತೆರೆದು ನಿದ್ದೆ ಮಾಡುವ ಒಬ್ಬ ಮಹಾನುಭಾವ ಪ್ರತಿ ಕ್ಲಾಸಿನಲ್ಲೂ ಇರುತ್ತಾನಲ್ಲ, ಅವನಿಗೆ ನೂರಕ್ಕೆ ನೂರು. ಘಟಿಕೋತ್ಸವದಲ್ಲಿ ಅವನ ಕೊರಳಿಗೆ ಪದಕ ಹಾಕುವಾಗ ಯಾರಾದರೂ ಮೆಲ್ಲಗೆ ಎಬ್ಬಿಸಬೇಕಾದೀತು.

ಈ ಯಂತ್ರವನ್ನು ಮೊದಲು ಸಮಿತಿಯ ಸಭೆಯಲ್ಲೇ ಇಟ್ಟು ಪರೀಕ್ಷಿಸಬಹುದಿತ್ತು ಅನ್ನುವುದು ನನ್ನ ಅಲ್ಪಮತಿ. ಅಲ್ಲಿ ಎಲ್ಲರ ತಲೆಯೂ ತಗ್ಗಿರುತ್ತದೆ, ಮೇಜಿನಡಿಯ ಬೆಳಕು ಗಲ್ಲಗಳ ಮೇಲೆ ಬಿದ್ದಿರುತ್ತದೆ. ನಡಾವಳಿ ಓದುವವರು ಓದುತ್ತಾರೆ, 'ಸರ್ವಾನುಮತದಿಂದ' ಅನ್ನುವ ಶಬ್ದ ಬಂದಾಗ ಮಾತ್ರ ನಾಲ್ಕು ತಲೆ ಮೇಲೇಳುತ್ತವೆ, ಯಾಕೆಂದರೆ ಆಮೇಲೆ ಕಾಫಿ. ಕಳೆದ ಸಭೆಯ ನಡಾವಳಿಯಲ್ಲಿ ಅದಕ್ಕೂ ಹಿಂದಿನ ಸಭೆಯ ನಡಾವಳಿಯನ್ನು ಅಂಗೀಕರಿಸಲಾಗಿದೆ ಅಂತ ಅಂಗೀಕರಿಸುವ ಆ ಹೊತ್ತಿನಲ್ಲಿ ಯಾವ ದೇಶದ ಯಾವ ಯಂತ್ರಕ್ಕೂ ಶೇಕಡಾ ಮೂರಕ್ಕಿಂತ ಹೆಚ್ಚು ಗಮನ ಸಿಗಲಾರದು. ಆದರೂ ನಿರ್ಣಯ ಪಾಸಾಗುತ್ತದೆ. ಟೆಂಡರೂ.

ಒಪ್ಪಿಗೆಯ ವಿಷಯ ಬಂದಾಗ ಸಮಿತಿ 'ಎಲ್ಲ ವಿದ್ಯಾರ್ಥಿಗಳ ಸಹಿ ಪಡೆಯಲಾಗುವುದು' ಅಂದಿತು. ಇಂಟರ್ನಲ್ಸ್ ಅಂಕ ಹಾಕುವ ಕೈಯೇ ಫಾರಂ ನೀಡಿದರೆ ಸಹಿ ಹಾಕದೆ ಇರುವ ಧೀರ ಯಾರು? ಸ್ವೀಡನ್ನಿನ ಶೆಲೆಫ್ಟಿಯೊ ಎಂಬ ಊರಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವಿದ್ಯಾರ್ಥಿಗಳ ಹಾಜರಾತಿಯನ್ನು ಮುಖ ಗುರುತಿಸುವ ಕ್ಯಾಮೆರಾದಿಂದ ತೆಗೆದುಕೊಂಡಿದ್ದಕ್ಕೆ 2019ರಲ್ಲಿ ಎರಡು ಲಕ್ಷ ಕ್ರೋನಾ ದಂಡ ಬಿತ್ತು. ಒಪ್ಪಿಗೆ ಪಡೆದಿದ್ದೆವು ಅಂದರು ಅವರೂ. ಶಾಲೆಗೂ ವಿದ್ಯಾರ್ಥಿಗೂ ಬಲದಲ್ಲಿ ಅಷ್ಟು ಅಂತರ ಇರುವಾಗ ಅದನ್ನು ಒಪ್ಪಿಗೆ ಅನ್ನಲಾಗದು ಅಂತ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಹೇಳಿತು.

ನಮ್ಮ ಹುಡುಗಿ ಇದನ್ನೂ ಯೋಚಿಸಿದ್ದಳು. ಪಾಠ ಮಾಡುವವರು ತಾವಾಗಿ ಒಪ್ಪಿದರೆ ಮಾತ್ರ ಅವರ ವಿಡಿಯೋ. ಫಲಿತಾಂಶ ಅವರ ಕೈಗೆ ಮಾತ್ರ, ಪ್ರಿನ್ಸಿಪಾಲರಿಗೂ ಇಲ್ಲ. ಯಾವ ದಿನ ಬೇಡ ಅಂದರೂ ಹಾಳೆ ಹರಿದುಹಾಕುವುದು. ತನಗೆ ಅಂಕ ಹಾಕುವವರ ಮಾನವನ್ನು ಇಪ್ಪತ್ತರ ಹುಡುಗಿ ಇಷ್ಟು ಕಾಪಾಡಿದಳು. ಅವಳ ಮಾನ ಕಾಪಾಡಲು ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ನಗಿಸುವುದು ನನ್ನ ಕೆಲಸ, ಆದರೆ ಇಲ್ಲಿ ನಗು ಬರುತ್ತಿಲ್ಲ. ಅವಳು ಕೇಳಿದ್ದು ಒಂದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಬೇಕಾದದ್ದೆಲ್ಲ ಕಾಲೇಜಿನಲ್ಲೇ ಬಿದ್ದಿತ್ತು. ಬಲಗಡೆಯ ಕೊನೆಯ ಮೂಲೆಯಲ್ಲಿ ಕೂತವರನ್ನು ಒಂದು ಇಡೀ ಸೆಮಿಸ್ಟರ್ ಯಾರೂ ಕಣ್ಣೆತ್ತಿ ನೋಡಿಲ್ಲ ಅಂತ ಗೊತ್ತಾದರೆ ಮರುದಿನದಿಂದ ಅಲ್ಲಿಗೂ ಒಂದು ಪ್ರಶ್ನೆ ಎಸೆಯಬಹುದು. ಖರ್ಚಿಲ್ಲ, ಮೆಷಿನ್ನಿಲ್ಲ. ಅದನ್ನು ಮಾಡದೆ, ಮೂಲೆಯವರಿಗೆ ಗಮನವಿಲ್ಲ ಅಂತ ಅವರ ಮೇಲೇ ಅಂಕದ ಕೋಲು ಎತ್ತುತ್ತಿದ್ದಾರೆ. ಇದು ಮೂರ್ಖತನವಲ್ಲ. ಮೂರ್ಖರು ಕ್ಯಾಮೆರಾವನ್ನು ಇಷ್ಟು ಸರಿಯಾಗಿ ತಿರುಗಿಸುವುದಿಲ್ಲ.

ಪ್ರಸ್ತಾವ ಕಳೆದ ವಾರ ಅವಳಿಗೆ ವಾಪಸ್ ಬಂದಿದೆ. 'ವಿಷಯ ಉತ್ತಮ, ವ್ಯಾಪ್ತಿ ಬದಲಿಸಿ' ಅಂತ ಕೆಂಪು ಶಾಯಿಯ ಷರಾ. ಬದಲಿಸಿಕೊಂಡು ಬಂದರೆ ಹೊಸ ಕ್ಯಾಮೆರಾದ ದತ್ತಾಂಶ ಅವಳಿಗೇ ಕೊಡುತ್ತಾರಂತೆ, ಪ್ರಾಜೆಕ್ಟಿಗೆ ಪೂರ್ತಿ ಅಂಕವಂತೆ. ಅವಳು ಇನ್ನೂ ಬದಲಿಸಿಲ್ಲ. ಆ ಲೆಕ್ಚರರ್ ಕಾರಿಡಾರಿನಲ್ಲಿ ಸಿಕ್ಕಾಗ 'ಆ ಎಣಿಸೋ ಹಾಳೆ ಒಂದು ಕೊಡಮ್ಮ, ನನ್ನದು ನಾನೇ ನೋಡ್ಕೋತೀನಿ, ಯಾರಿಗೂ ಹೇಳ್ಬೇಡ' ಅಂದರಂತೆ. ಒಬ್ಬರೇ ಎಣಿಸಿದರೆ ಕಪ್ಪಾ ಬರಲ್ಲ ಸರ್, ಇನ್ನೊಬ್ಬರನ್ನ ಕರ್ಕೊಂಡು ಬನ್ನಿ, ಅಂದಳಂತೆ ಅವಳು.