ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ ಮಾರ್ಕೆಟಿಂಗ್ ಬಜೆಟ್

“ಹೊಸ ಕಂಪನಿಯೂ ಆದಾಯದ ಶೇ. 10ರಷ್ಟನ್ನು ಮಾರ್ಕೆಟಿಂಗ್‌ಗೆ ಮೀಸಲಿಟ್ಟರೆ ಸಾಲದೇ?”

ಸಾಲದು. ಆದಾಯ ಇನ್ನೂ ನೆಲೆಗೊಳ್ಳದ ಕಂಪನಿಯಲ್ಲಿ ಈ ಸೂತ್ರವು ಮಾರಾಟ ಕುಸಿದ ತಿಂಗಳಲ್ಲೇ ಪ್ರಚಾರವನ್ನೂ ಕುಗ್ಗಿಸಿ, ಮುಂದಿನ ಮಾರಾಟವನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಇದರ ಬದಲು ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುವ ಕಾರ್ಯಾಧಾರಿತ ವಿಧಾನವಿದೆ. ಅದರಲ್ಲಿ ಮೂರು ತಿಂಗಳಿಗೆ 60 ಹೊಸ ಗ್ರಾಹಕರು ಬೇಕಾಗಿದ್ದು, ವಿಚಾರಿಸುವ 20 ಮಂದಿಯಲ್ಲಿ ಒಬ್ಬರು ಖರೀದಿಸುತ್ತಾರೆ ಎಂದಾದರೆ, 1,200 ಮಂದಿ ವಿಚಾರಿಸುವಂತಾಗಬೇಕು. ಅಂಥ ಒಬ್ಬರನ್ನು ಕರೆತರಲು ತಗಲುವ ಜಾಹೀರಾತು ವೆಚ್ಚವನ್ನು 1,200ರಿಂದ ಗುಣಿಸಿದರೆ ಬಜೆಟ್ ಸಿಗುತ್ತದೆ. ಆದರೆ 20ಕ್ಕೆ ಒಬ್ಬರು ಎಂಬುದು ಬರೀ ಊಹೆಯಾಗಿದ್ದರೆ ಇಡೀ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಮೊದಲು ಸಣ್ಣ ಮೊತ್ತ ಖರ್ಚು ಮಾಡಿ ಆ ಅನುಪಾತವನ್ನು ಅಳೆಯಬೇಕು. ಲೆಕ್ಕದಿಂದ ಬಂದ ಬಜೆಟ್ ಮೊತ್ತ ಕೈಯಲ್ಲಿರುವ ಹಣವನ್ನು ಮೀರಿದರೆ, ಬಜೆಟ್ಟನ್ನು ಮಾತ್ರ ಕತ್ತರಿಸದೆ ಗುರಿಯನ್ನೇ ಇಳಿಸುವುದು ಸರಿಯೆಂಬುದು ನನ್ನ ದೃಢ ಅಭಿಪ್ರಾಯ.