ಡೆಮೊ ಕ್ಲಾಸ್‌ನಲ್ಲಿ ತಟ್ಟಡವು ಯಾಕಿಲ್ಲ?

ಬೆಳಗ್ಗೆಯಿಂದ ಮೂರನೇ ಪೋಸ್ಟರ್ ನೋಡಿದೆ. 'ಹೊಸ ಬ್ಯಾಚ್ ಆರಂಭ, ಭರತನಾಟ್ಯ ಮತ್ತು ಕರ್ನಾಟಕ ಸಂಗೀತ, 5 ವರ್ಷ ಮೇಲ್ಪಟ್ಟ ಎಲ್ಲರಿಗೂ, ಉಚಿತ ಡೆಮೊ ಕ್ಲಾಸ್.' ಡೆಮೊ ಉಚಿತ ಅನ್ನೋದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ತೋರಿಸೋದು ಮುಂದೆ ನಡೆಯುವ ಕ್ಲಾಸನ್ನೇ ಅಲ್ಲವಲ್ಲ, ಸಿಟ್ಟು ಬರೋದು ಅದಕ್ಕೆ.

ಡೆಮೊದಲ್ಲಿ ಮಕ್ಕಳಿಗೆ ಒಂದು ಸಿನಿಮಾ ಹಾಡಿಗೆ ನಾಲ್ಕು ಹೆಜ್ಜೆ ಹೇಳಿಕೊಡ್ತಾರೆ, ವಿಡಿಯೊ ಆಗುತ್ತೆ, ಮಗು ಕುಣಿದು ಖುಷಿಯಾಗಿ ಮನೆಗೆ ಹೋಗುತ್ತೆ. ಮುಂದಿನ ವಾರ ಅದೇ ಮಗು ಮಂಡಿ ಅರ್ಧ ಮಡಿಸಿ ಅರೆಮಂಡಿಯಲ್ಲಿ ಕೂತು, 'ತೈ ಯಾ ತೈ ಹಿ' ಅಂತ ಮೊದಲ ಪಾಠವಾದ ತಟ್ಟಡವು ತಟ್ಟಬೇಕು. ತಿಂಗಳುಗಟ್ಟಲೆ ಅದೇ. ತೊಡೆ ನೋಯುತ್ತೆ, ಹಾಡೂ ಇಲ್ಲ. ಮಗು ಬಿಡುತ್ತೆ, 'ಅವಳಿಗೆ ಆಸಕ್ತಿಯೇ ಇಲ್ಲ' ಅಂತ ಮಾತು ಮುಗಿಯುತ್ತೆ. ಆಸಕ್ತಿ ಇತ್ತು ಸ್ವಾಮಿ, ಅವಳು ನೋಡಿ ಸೇರಿದ್ದೇ ಬೇರೆ!

'ಮೊದಲ ದಿನವೇ ಅಡವು ತಟ್ಟಿಸಿದರೆ ಯಾರೂ ಸೇರಲ್ಲ' ಅಂತೀರಿ, ಕ್ಲಾಸ್ ನಡೆಸುವವರು. ಗಂಟೆಗಟ್ಟಲೆ ತಟ್ಟಿಸಿ ಅಂತ ಯಾರು ಹೇಳಿದರು? 45 ನಿಮಿಷದ ಡೆಮೊ ಅಂದುಕೊಳ್ಳಿ. ನಮಸ್ಕಾರಕ್ಕೆ ಐದು ನಿಮಿಷ, ಅರೆಮಂಡಿಗೆ ಹತ್ತು. ಮೊದಲ ತಟ್ಟಡವನ್ನು ತಟ್ಟುಮಣೆಯ ಲಯಕ್ಕೆ ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ ಮಾತ್ರ, ಹತ್ತು ನಿಮಿಷ. ಆಮೇಲೆ ಆರು ತಿಂಗಳು ಕಲಿತ ಮಗು ಅದೇ ಅಡವನ್ನು ಮೂರೂ ಕಾಲದಲ್ಲಿ ಮಾಡಿ ತೋರಿಸಲಿ. ಹೊಸ ಮಕ್ಕಳು ಕಣ್ಣರಳಿಸಿ ನೋಡ್ತಾರೆ, ತಾವು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತೆ. ಉಳಿದ ಹೊತ್ತು ಅಪ್ಪ ಅಮ್ಮಂದಿರ ಪ್ರಶ್ನೆಗಳಿಗೆ.

ಆ ಹತ್ತು ನಿಮಿಷದ ಅರೆಮಂಡಿಯಲ್ಲೇ ಗುರು ಎಂಥವರು ಅನ್ನೋದೂ ತಿಳಿಯುತ್ತೆ. ಮಗು ಪಾದವನ್ನಷ್ಟೇ ಪಕ್ಕಕ್ಕೆ ತಿರುಗಿಸಿ ಮಂಡಿಯನ್ನು ಮುಂದಕ್ಕೆ ಬಿಟ್ಟರೆ ಮಂಡಿ ತಿರುಚಿದಂತಾಗುತ್ತೆ. ತಿರುವು ಸೊಂಟದ ಕೀಲಿನಿಂದ ಬರಬೇಕು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಇದನ್ನು ಕಂಡು ಹತ್ತಿರ ಬಂದು ತಿದ್ದುತ್ತಾರಾ, 'ಇನ್ನೂ ಕೆಳಗೆ ಕೂರು' ಅಂತ ದೂರದಿಂದಲೇ ಕೂಗ್ತಾರಾ, ನೋಡಿ. ಸಿನಿಮಾ ಹಾಡಿನ ಡೆಮೊದಲ್ಲಿ ಇದು ಕಾಣೋದೇ ಇಲ್ಲ.

ಸಂಗೀತದ್ದೂ ಅದೇ ಕಥೆ. ಡೆಮೊದಲ್ಲಿ ಒಂದು ದೇವರನಾಮದ ಪಲ್ಲವಿ, ಸೇರಿದ ಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ಅನ್ನೋ ಸ್ವರಾಭ್ಯಾಸ. ಮೊದಲ ಸರಳೆಯನ್ನೇ ಹಾಡಿಸಿ: ಆದಿತಾಳ, ಎಂಟು ಅಕ್ಷರ, ಒಂದನೇ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ. ಆರೋಹಣಕ್ಕೆ ಒಂದು ಆವರ್ತ, ಅವರೋಹಣಕ್ಕೆ ಇನ್ನೊಂದು. ಅಷ್ಟರಲ್ಲೇ ಶ್ರುತಿ ಸರಿಹೊಂದುತ್ತಾ ಅನ್ನೋದೂ ಗೊತ್ತಾಗುತ್ತೆ. ಹೆಂಗಸರಿಗೆ ಸಾಮಾನ್ಯವಾಗಿ ಶ್ರುತಿಪೆಟ್ಟಿಗೆಯ ಐದು, ಆರು ಮನೆ ಹಿತ, ಗಂಡಸರಿಗೆ ಒಂದರಿಂದ ಎರಡರ ಆಸುಪಾಸು. 'ಎಲ್ಲರಿಗೂ' ಅಂತ ಒಂದೇ ಬ್ಯಾಚ್ ಮಾಡಿ ಐದು ಮನೆಗೆ ತಂಬೂರಿ ಇಟ್ಟರೆ ಗಂಡಸಿನ ಗಂಟಲು ಮೇಲಿನ ಷಡ್ಜಕ್ಕೆ ಒದ್ದಾಡುತ್ತೆ. ಕತ್ತಿನ ನರ ಉಬ್ಬುತ್ತೆ, ಸ್ವರ ಕಿರುಚಿಕೊಳ್ಳುತ್ತೆ. ಅದಕ್ಕೆ 'ಅಭ್ಯಾಸ ಸಾಲದು' ಅನ್ನೋದು ಅನ್ಯಾಯ.

ಹಾಗಾಗಿ ಪೋಸ್ಟರಿನಲ್ಲೇ ಬರೆಯಿರಿ: ಬ್ಯಾಚಿಗೆ ಎಷ್ಟು ಜನ, ವಾರಕ್ಕೆ ಎಷ್ಟು ದಿನ, ಡೆಮೊ ಮಾಡುವ ಗುರುಗಳೇ ದಿನವೂ ಕಲಿಸ್ತಾರಾ ಅಥವಾ ಹಿರಿಯ ಶಿಷ್ಯರಾ. ಅದರ ಕೆಳಗೆ ಇನ್ನೊಂದು ಸಾಲು, 'ಡೆಮೊದಲ್ಲಿ ಮೊದಲ ಪಾಠವನ್ನೇ ಮಾಡಿಸುತ್ತೇವೆ' ಅಂತ.