ಅಪ್ಪ ಮತ್ತೆ ಲೆವೆಲ್ ಒಂದಕ್ಕೆ

ನಮ್ಮ ಬಡಾವಣೆಯ ಮೊಬೈಲ್ ಅಂಗಡಿಯ ಹುಡುಗನಿಗೆ ಒಂದು ಚಟ. ಹೊಸ ಫೋನಿಗೆ ಸಿಮ್ ಹಾಕಿ, "ಅಂಕಲ್, ಜೀಮೇಲ್ ಪಾಸ್‌ವರ್ಡ್?" ಅಂತಾನೆ. ಅಪ್ಪ ಫ್ಯಾನ್ ನೋಡ್ತಾರೆ. "ಬಿಡಿ ಅಂಕಲ್, ಹೊಸದೇ ಮಾಡ್ಕೊಡ್ತೀನಿ." ಸ್ಕ್ರೀನ್ ಗಾರ್ಡ್ ಅಂಟಿಸುವಷ್ಟರಲ್ಲಿ ಹೊಸ ಜೀಮೇಲ್ ರೆಡಿ. ಅಪ್ಪನಿಗೂ ಖುಷಿ, ಅವನಿಗೂ ಖುಷಿ.

ಮನೆಗೆ ಬಂದು ಮಿಠಾಯಿ ಜೋಡಿಸುವ ಆಟ ತೆರೆದರೆ, ಅದು ಕೆಂಪು ಮಿಠಾಯಿ ಯಾವುದು ಅಂತ ಪಾಠ ಶುರು ಮಾಡಿತು. 1846ನೇ ಲೆವೆಲ್‌ನಲ್ಲಿದ್ದ ಮನುಷ್ಯನಿಗೆ!

ಆಟವನ್ನು ಹಿಂದೆಯೇ, ಆಡಿದ ಲೆವೆಲ್ ಉಳಿಸಿಡುವ ಗೂಗಲ್‌ನ ಪ್ಲೇ ಗೇಮ್ಸ್‌ಗೆ ಜೋಡಿಸಿದ್ದೆ. ಆದರೆ ಜೋಡಿಸಿದ್ದು ಹಳೇ ಜೀಮೇಲ್‌ಗೆ. ಹೊಸ ಫೋನಿನಲ್ಲಿ ಆಟ ತಾನಾಗಿಯೇ ಹೊಸ ಜೀಮೇಲ್ ಹಿಡಿದುಕೊಂಡಿತು. ಆಟ ತೆರೆದಾಗ ಮೇಲೆ ಒಂದು ಪಟ್ಟಿ ಇಳಿದು, ಪ್ರೊಫೈಲ್ ಹೆಸರು ತೋರಿಸಿ ಮಾಯವಾಗುತ್ತದೆ. ಅಲ್ಲಿ ಅಪರಿಚಿತ ಹೆಸರು ಕಂಡರೆ ಮುಂದೆ ಆಡಬಾರದು.

ಅಪ್ಪ ಆಡಿದರು. "ಸುಮ್ನೆ ಕೂತು ಏನು ಮಾಡ್ಲಿ?" ಅಂತ ನಾಲ್ಕು ಲೆವೆಲ್ ಮುಗಿಸಿದರು.

ಹಳೇ ಜೀಮೇಲ್ ಸೇರಿಸಲು ಹೋದೆ. ನಿಮ್ಮ ಹಳೇ ಫೋನ್ ತೆಗೆದು, ಅದರಲ್ಲಿ 47 ಒತ್ತಿ ಅಂತ ಬಂತು. ಹಳೇ ಫೋನ್ ಎಕ್ಸ್‌ಚೇಂಜ್ ಆಗಿ ಅಂಗಡಿಯ ಡ್ರಾಯರ್ ಸೇರಿತ್ತು. ಇನ್ನೂ ಅರಿಶಿನ-ಕುಂಕುಮದ ಗುರುತು ಹಾಗೇ ಇರುವ ಫೋನು ಅದು, ಪಾಪ. Try another way ಒತ್ತಿದ ಮೇಲೆ ಸಿಮ್‌ಗೆ ಓಟಿಪಿ ಬಂತು. ನಂಬರ್ ಬದಲಾಗದಿದ್ದುದೇ ಪುಣ್ಯ. ಆಮೇಲೆ ಪ್ಲೇ ಗೇಮ್ಸ್ ಸೆಟ್ಟಿಂಗ್‌ಗೆ ಹೋಗಿ, ಈ ಆಟಕ್ಕೆ ಹಳೇ ಜೀಮೇಲ್ ಅಂತ ಆರಿಸಿದೆ.

ಈಗ ಆಟ ಕೇಳಿತು: ಯಾವುದನ್ನು ಇಟ್ಟುಕೊಳ್ಳಲಿ? ಎಡಕ್ಕೆ 1846, ಬಲಕ್ಕೆ 5. ಎರಡೂ ಒಂದೇ ಹಸಿರು ಬಟನ್. ಬಲದ್ದು ಒತ್ತಿದರೆ ಅದೇ ಹೋಗಿ ಸರ್ವರ್‌ನಲ್ಲಿ ಕೂರುತ್ತದೆ, ಹಳೆಯದು ಅಳಿಯುತ್ತದೆ. ನಾಣ್ಯ ಮಾರುವಾಗ ಪರದೆ ತುಂಬಾ ಪಟಾಕಿ ಹೊಡೆಯುವ ಆಟಕ್ಕೆ ಇಲ್ಲಿ ಒಂದು ಎಚ್ಚರಿಕೆ ಕೊಡೋಕೆ ಏನು ರೋಗ?

ಅಪ್ಪನಿಗೆ ಯಾವ ಪ್ರಶ್ನೆ ಬಂದರೂ ಬಲಗಡೆ ಒತ್ತುವ ಅಭ್ಯಾಸ. ಎಟಿಎಂನಲ್ಲೂ ಹಾಗೇ, ಲಿಫ್ಟ್‌ನಲ್ಲೂ ಹಾಗೇ. ಬಲಗಡೆಯದು ಯಾವಾಗಲೂ 'ಸರಿ' ಅನ್ನೋದು ಅವರ ಸಿದ್ಧಾಂತ. ಹೆಬ್ಬೆರಳು ಹೊರಟೇಬಿಟ್ಟಿತು. "ಅಪ್ಪಾ, ಕೈ!" ಅಂತ ಕಿರುಚಿದೆ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿ ಬಂದರು. ಯಾರಿಗೋ ಕರೆಂಟ್ ಹೊಡೆಯಿತು ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಎಡದ್ದನ್ನು ನಾನೇ ಒತ್ತಿದೆ.

1846 ಬಂತು. ಸ್ನೇಹಿತರ ಪಟ್ಟಿಯೂ ಬಂತು. ಅದರಲ್ಲಿ ಅಪ್ಪನಿಗಿಂತ ಸ್ವಲ್ಪ ಕೆಳಗೆ ಪಕ್ಕದ ಮನೆ ರಾಯರು. ಮಗಳ ಜೊತೆ ಪುಣೆಗೆ ಹೋದ ಮೇಲೆ ರಾಯರು ಫೋನ್ ಮಾಡೋದು ಕಡಿಮೆ. ಅವರ ಲೆವೆಲ್ ಏರಿದ್ದು ನೋಡಿ, "ಆರೋಗ್ಯವಾಗಿದಾನೆ" ಅಂತಾರೆ ಅಪ್ಪ.

ಮಿಠಾಯಿ ಒಡೆಯಲು ಆಟದಲ್ಲಿ ಕೂಡಿಟ್ಟ ಸುತ್ತಿಗೆಗಳು ಮಾತ್ರ ಬರಲಿಲ್ಲ. ಈ ಆಟದಲ್ಲಿ ಲೆವೆಲ್ ಸರ್ವರ್‌ನಲ್ಲಿರುತ್ತದೆ, ಸುತ್ತಿಗೆ ಫೋನಿನಲ್ಲೇ ಇರುತ್ತದೆ. ವಿವರಿಸಿದೆ. ಅಪ್ಪ ಚಪ್ಪಲಿ ಹಾಕಿಕೊಂಡರು.

"ಎಲ್ಲಿಗೆ?"

"ಅಂಗಡಿಗೆ. ಸುತ್ತಿಗೆಗೂ ಸೇರಿಸಿ ಎಕ್ಸ್‌ಚೇಂಜ್ ರೇಟ್ ಕೊಟ್ಟಿದಾನಾ, ಕೇಳ್ಕೊಂಡು ಬರ್ತೀನಿ."